ಕ್ಯಾಸಿನೊದಲ್ಲಿ ಉಜ್ಜಿದ ಕ್ರೆಡಿಟ್ ಕಾರ್ಡು: ಬಡ್ಡಿ ಅವತ್ತಿಂದಲೇ ಯಾಕೆ ಓಡುತ್ತದೆ, ಅದನ್ನು ನಿಲ್ಲಿಸುವುದು ಹೇಗೆ

ಮಾರ್ಚ್ ಮೊದಲ ಭಾನುವಾರ ನನ್ನ ಚಿಕ್ಕಪ್ಪನ ಮಗ ಸಕಲೇಶಪುರದಿಂದ ಹಾಸನದ ನಮ್ಮ ಮನೆಗೆ ಬಂದ. ಕೈಯಲ್ಲಿ ಎರಡು ತಿಂಗಳ ಕ್ರೆಡಿಟ್ ಕಾರ್ಡ್ ಬಿಲ್ಲು, ಪ್ರಿಂಟ್ ತೆಗೆಸಿಕೊಂಡು ನಾಲ್ಕು ಮಡಿಕೆ ಮಾಡಿ ಜೇಬಲ್ಲಿಟ್ಟಿದ್ದ. ಕಾಫಿ ಕುಡಿಯುವ ಮೊದಲೇ ಬಿಚ್ಚಿ ಹಾಸಿದ. "ಅಣ್ಣ, ನೋಡು. ಹೋದ ತಿಂಗಳು ಬಿಲ್ಲು ಪೂರ್ತಿ ಕಟ್ಟಿದೀನಿ. ಒಂದು ರೂಪಾಯಿ ಬಾಕಿ ಇಟ್ಟಿಲ್ಲ. ಈ ತಿಂಗಳು ಮತ್ತೆ ಬಡ್ಡಿ ಹಾಕವ್ರೆ. ಇದು ಯಾವ ನ್ಯಾಯ?"

ಜನವರಿಯಲ್ಲಿ ಸ್ನೇಹಿತರ ಜೊತೆ ಗೋವಾಕ್ಕೆ ಹೋಗಿದ್ದ. ಮಾಂಡೋವಿ ನದಿಯ ಮೇಲೆ ನಿಂತಿರುವ ಕ್ಯಾಸಿನೊ ಹಡಗೊಂದಕ್ಕೆ ಹತ್ತಿ, ಕೌಂಟರಿನಲ್ಲಿ ಕಾರ್ಡು ಉಜ್ಜಿ 40,000 ರೂಪಾಯಿಗೆ ಆಟದ ಟೋಕನ್ನು, ಅಂದರೆ ಚಿಪ್ಸ್ ತಗೊಂಡಿದ್ದ. ಆಟದಲ್ಲಿ ಹೋದದ್ದು ಹೋಯಿತು. ಅದರ ಮೇಲೆ 3,000ಕ್ಕೂ ಜಾಸ್ತಿ ಬ್ಯಾಂಕಿಗೆ ಹೋಗಿದ್ದು ಯಾಕೆ ಅಂತ ಅವನಿಗೆ ಗೊತ್ತಿರಲಿಲ್ಲ. ನನ್ನದು ಲೆಕ್ಕ ಬರೆಯುವ ಕೆಲಸ. ಇಂಥ ಬಿಲ್ಲು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಹೆಚ್ಚಿನವರು ಬರುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೇ ಅವನಿಗೆ ಅವತ್ತು ಕೂರಿಸಿಕೊಂಡು ಹೇಳಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಬ್ಯಾಂಕಿನ ಕಣ್ಣಿಗೆ ಅದು ಖರೀದಿ ಅಲ್ಲ

ಕಾರ್ಡು ಉಜ್ಜುವ ಪ್ರತಿ ಅಂಗಡಿಗೂ ನಾಲ್ಕು ಅಂಕಿಯ ಒಂದು ಕೋಡ್ ಇರುತ್ತದೆ. ಅಂಗಡಿಗೆ ಮಷೀನ್ ಕೊಡುವ ಬ್ಯಾಂಕು ಅದನ್ನು ಹಾಕಿರುತ್ತದೆ. ಹೋಟೆಲ್ ಊಟಕ್ಕೆ 5812, ಎಟಿಎಂಗೆ 6011. ಜೂಜು, ಬೆಟ್ಟಿಂಗ್, ಕ್ಯಾಸಿನೊ ಚಿಪ್ಸ್‌ಗೆ 7995. ನೀವು ಏನು ತಗೊಂಡಿರಿ ಅಂತ ನಿಮ್ಮ ಬ್ಯಾಂಕಿಗೆ ಕಾಣುವುದಿಲ್ಲ. ಅದು ಮುಖ್ಯವಾಗಿ ನೋಡುವುದು ಈ ಕೋಡನ್ನು.

ಚಿಪ್ಸ್ ಅಂದರೆ ಏನು? ಈಗ ತಗೊಂಡು ಹತ್ತು ನಿಮಿಷ ಬಿಟ್ಟು ಅದೇ ಕೌಂಟರಿಗೆ ಕೊಟ್ಟರೆ ದುಡ್ಡು ವಾಪಸ್ ಬರುತ್ತದೆ. ಅಂದರೆ ಅದು ಸಾಮಾನಲ್ಲ, ಬೇರೆ ರೂಪದಲ್ಲಿರುವ ನಗದು. ಹಾಗಾಗಿ ಅನೇಕ ಬ್ಯಾಂಕುಗಳು 7995 ಬಂದ ಕೂಡಲೇ ಅದನ್ನು ಎಟಿಎಂನಲ್ಲಿ ದುಡ್ಡು ತೆಗೆದಂತೆಯೇ ಲೆಕ್ಕ ಹಾಕುತ್ತವೆ. ಇದನ್ನೇ ಕ್ಯಾಶ್ ಅಡ್ವಾನ್ಸ್ ಅನ್ನುವುದು. ಷರತ್ತು ಪತ್ರಗಳಲ್ಲಿ `quasi cash` ಅನ್ನುವ ಹೆಸರೂ ಇರುತ್ತದೆ. ಕೆಲವು ಬ್ಯಾಂಕುಗಳು ಈ ಕೋಡ್ ಬಂದರೆ ವ್ಯವಹಾರವನ್ನೇ ತಿರಸ್ಕರಿಸುತ್ತವೆ. ಇನ್ನು ಕೆಲವು ಖರೀದಿ ಅಂತಲೇ ಇಟ್ಟುಕೊಂಡು ಬೇರೆ ಒಂದು ಶುಲ್ಕ ಹಾಕುತ್ತವೆ. ನಿಮ್ಮದು ಯಾವ ಗುಂಪು ಅನ್ನುವುದು ಷರತ್ತು ಪತ್ರದಲ್ಲಿರುತ್ತದೆ.

ಖರೀದಿಗೂ ನಗದಿಗೂ ಇರುವ ದೊಡ್ಡ ವ್ಯತ್ಯಾಸ ಬಡ್ಡಿಯಿಲ್ಲದ ದಿನಗಳದ್ದು. ಹಾಸನದ ಅಂಗಡಿಯಲ್ಲಿ ಫ್ರಿಜ್ ತಗೊಂಡರೆ ಬಿಲ್ಲಿನ ಕೊನೆ ದಿನದವರೆಗೆ ಬಡ್ಡಿ ಇಲ್ಲ. ನಗದಿಗೆ ಆ ಸೌಲಭ್ಯವೇ ಇಲ್ಲ. ಉಜ್ಜಿದ ದಿನದಿಂದ ಪೂರ್ತಿ ತೀರಿಸುವ ದಿನದವರೆಗೆ ದಿನಕ್ಕಿಷ್ಟು ಅಂತ ಬಡ್ಡಿ ಓಡುತ್ತದೆ. ಮೊದಲಿಗೇ ಒಂದು ಶುಲ್ಕ ಬೇರೆ. ಎರಡರ ಮೇಲೂ 18% ಜಿಎಸ್‌ಟಿ.

ಅವನ ಬಿಲ್ಲು, ಸಾಲು ಸಾಲಾಗಿ

ಅವನ ಕಾರ್ಡಿನ ಷರತ್ತು ಹೀಗಿತ್ತು. ನಗದು ಶುಲ್ಕ 2.5%, ಕನಿಷ್ಠ 500 ರೂಪಾಯಿ. ಬಡ್ಡಿ ತಿಂಗಳಿಗೆ 3.75%, ಅಂದರೆ ವರ್ಷಕ್ಕೆ 45%. ನಮ್ಮ ದೇಶದ ಬಹಳಷ್ಟು ಕಾರ್ಡುಗಳು ಇದರ ಆಸುಪಾಸಿನಲ್ಲೇ ಇವೆ. ಚಿಪ್ಸ್ ತಗೊಂಡದ್ದು ಜನವರಿ 12. ಬಿಲ್ಲು ಬಂದದ್ದು ಜನವರಿ 25. ಕಟ್ಟಲು ಕೊನೆ ದಿನ ಫೆಬ್ರವರಿ 14. ಅವತ್ತೇ ಕಟ್ಟಿದ್ದಾನೆ.

ಮೊದಲು ಶುಲ್ಕ. 40,000ಕ್ಕೆ 2.5% ಅಂದರೆ 1,000 ರೂಪಾಯಿ. ಜಿಎಸ್‌ಟಿ ಸೇರಿ 1,180.

ಆಮೇಲೆ ಬಡ್ಡಿ. 40,000ಕ್ಕೆ ವರ್ಷಕ್ಕೆ 45% ಅಂದರೆ 18,000. ಅದನ್ನು 365ರಿಂದ ಭಾಗಿಸಿದರೆ ದಿನಕ್ಕೆ 49 ರೂಪಾಯಿ 32 ಪೈಸೆ. ಜನವರಿ 12ರಿಂದ 25ರವರೆಗೆ 14 ದಿನ, 690 ರೂಪಾಯಿ. ಜಿಎಸ್‌ಟಿ ಸೇರಿ ಸುಮಾರು 815. ಹೀಗೆ ಮೊದಲ ಬಿಲ್ಲಿನಲ್ಲಿ 40,000 ಹೋಗಿ 41,995 ಆಯಿತು.

ಇಲ್ಲಿಯವರೆಗೆ ಅವನೂ ಒಪ್ಪಿದ. ಅವನಿಗೆ ಅರ್ಥವಾಗದೆ ಇದ್ದದ್ದು ಎರಡನೇ ಬಿಲ್ಲು. ಅದು ಹೀಗೆ. ಬಿಲ್ಲು ತಯಾರಾದದ್ದು 25ಕ್ಕೆ, ಅವನು ಕಟ್ಟಿದ್ದು 14ಕ್ಕೆ. ಮಧ್ಯದ 19 ದಿನವೂ ಸಾಲ ಇತ್ತು, ಬಡ್ಡಿ ಓಡುತ್ತಲೇ ಇತ್ತು. ಆದರೆ ಬಿಲ್ಲು ಅದಾಗಲೇ ಅಚ್ಚಾಗಿತ್ತು. ಅದರಲ್ಲಿ ಮುಂದಿನ ದಿನಗಳ ಬಡ್ಡಿ ಇರಲು ಸಾಧ್ಯವಿಲ್ಲ. ಆ 19 ದಿನದ 937 ರೂಪಾಯಿ, ಜಿಎಸ್‌ಟಿ ಸೇರಿ ಸುಮಾರು 1,106, ಫೆಬ್ರವರಿ 25ರ ಬಿಲ್ಲಿನಲ್ಲಿ ಬಂದು ಕೂತಿತು. ಬ್ಯಾಂಕು ಎರಡು ಸಲ ಹಾಕಿದ್ದಲ್ಲ. ಒಂದೇ ಬಡ್ಡಿಯ ಬಾಲ ಅದು.

ಒಟ್ಟು ಲೆಕ್ಕ: 33 ದಿನದ ಸಾಲಕ್ಕೆ ಸುಮಾರು 3,100 ರೂಪಾಯಿ. ಅವನು ಊರಿಗೆ ಬಂದ ದಿನ, ಜನವರಿ 15ಕ್ಕೇ ಕಟ್ಟಿಬಿಟ್ಟಿದ್ದರೆ? ಶುಲ್ಕ 1,180, ಮೂರು ದಿನದ ಬಡ್ಡಿ ಜಿಎಸ್‌ಟಿ ಸೇರಿ 175. ಒಟ್ಟು 1,355. ದುಡ್ಡು ಅವನ ಉಳಿತಾಯ ಖಾತೆಯಲ್ಲೇ ಇತ್ತು. ಕಾಫಿ ಮಾರಿದ ದುಡ್ಡು. "ಬಿಲ್ಲು ಬರ್ಲಿ, ಆಮೇಲೆ ಕಟ್ಟೋಣ ಅಂತ ಸುಮ್ನೆ ಇದ್ದೆ" ಅಂದ. ಆ ಸುಮ್ಮನಿದ್ದದ್ದಕ್ಕೆ 1,745 ರೂಪಾಯಿ. ಇದನ್ನು ಬರೆದು ತೋರಿಸಿದಾಗ ಅವನ ಮುಖ ನೋಡಿ ನನಗೇ ಸಂಕಟವಾಯಿತು.

ಈಗಾಗಲೇ ಉಜ್ಜಿದ್ದರೆ, ಇವತ್ತೇ ಮಾಡಬೇಕಾದ್ದು

ಬಿಲ್ಲಿಗೆ ಕಾಯಬೇಡಿ. ಬ್ಯಾಂಕಿನ ಆ್ಯಪ್ ತೆರೆದು ಇನ್ನೂ ಬಿಲ್ ಆಗದ ವ್ಯವಹಾರಗಳ ಪಟ್ಟಿ ನೋಡಿ. ಅಲ್ಲಿ `Unbilled` ಅಂತ ಇರುತ್ತದೆ. ವ್ಯವಹಾರ ಅಲ್ಲಿ ಕಾಣಲು ಒಂದೆರಡು ದಿನ ಹಿಡಿಯಬಹುದು. ಅದರ ಕೆಳಗೋ ಪಕ್ಕದಲ್ಲೋ `CASH ADVANCE FEE` ಅಥವಾ ಅಂಥದೇ ಒಂದು ಸಾಲು ಕಂಡರೆ ಮುಗಿಯಿತು, ನಗದು ಅಂತಲೇ ಲೆಕ್ಕಕ್ಕೆ ಬಿದ್ದಿದೆ. ಸಾಲು ಇನ್ನೂ ಬಂದಿಲ್ಲ, ಆದರೆ ನಿಮಗೆ ಅನುಮಾನ ಇದೆ ಅಂದರೂ ದುಡ್ಡು ಕಟ್ಟಿಬಿಡಿ. ಖರೀದಿ ಅಂತಾಗಿದ್ದರೂ ನಷ್ಟವೇನಿಲ್ಲ, ಮುಂದಿನ ಬಿಲ್ಲಿಗೆ ಜಮಾ ಇರುತ್ತದೆ.

ಎಷ್ಟು ಕಟ್ಟಬೇಕು? ಉಜ್ಜಿದ ಮೊತ್ತ, ಶುಲ್ಕ, ಅದರ ಜಿಎಸ್‌ಟಿ, ಅಲ್ಲಿಯವರೆಗಿನ ದಿನಗಳ ಬಡ್ಡಿ. ಇಲ್ಲಿ ಒಂದು ಎಚ್ಚರ. ಅದೇ ಕಾರ್ಡಿನಲ್ಲಿ ಹಳೇ ಬಿಲ್ಲಿನ ಬಾಕಿ ಇದ್ದರೆ ನೀವು ಕಟ್ಟಿದ ದುಡ್ಡು ಮೊದಲು ಅಲ್ಲಿಗೆ ಹೋಗಬಹುದು. ಯಾವುದಕ್ಕೆ ಮೊದಲು ಜಮಾ ಅನ್ನುವ ಸರದಿಯನ್ನು ಬ್ಯಾಂಕು ಷರತ್ತಿನಲ್ಲಿ ಬರೆದಿರುತ್ತದೆ. ನೀವು 40,000 ಕಟ್ಟಿ ನಗದಿನ ಸಾಲ ತೀರಿತು ಅಂತ ನೆಮ್ಮದಿಯಾಗಿರುತ್ತೀರಿ, ಅದು ಅರ್ಧ ಹಾಗೇ ಉಳಿದಿರುತ್ತದೆ. ಹಾಗಾಗಿ ಹಳೇ ಬಾಕಿಯನ್ನೂ ಸೇರಿಸಿ ಪೂರ್ತಿ ತೀರಿಸುವುದು ಒಳ್ಳೆಯದು.

ಕೈಯಲ್ಲಿ ದುಡ್ಡಿಲ್ಲ ಅಂದರೆ? ಇಎಂಐ ಮಾಡಿಸಿಕೊಳ್ಳೋಣ ಅಂತ ಬಹಳ ಜನ ಫೋನ್ ಮಾಡುತ್ತಾರೆ. ನಗದು ವ್ಯವಹಾರಕ್ಕೆ ಸಾಮಾನ್ಯವಾಗಿ ಇಎಂಐ ಸಿಗುವುದಿಲ್ಲ. ಕನಿಷ್ಠ ಮೊತ್ತ ಕಟ್ಟುವುದಂತೂ ಬೇಡವೇ ಬೇಡ. ನನ್ನ ತಮ್ಮನ ಬ್ಯಾಂಕಿನಲ್ಲಿ ಕನಿಷ್ಠ ಮೊತ್ತ ಬಿಲ್ಲಿನ 5%. ಆ 41,995ಕ್ಕೆ ಅದು 2,100 ರೂಪಾಯಿ. ಅದರಲ್ಲಿ 1,995 ಶುಲ್ಕ, ಬಡ್ಡಿ, ಜಿಎಸ್‌ಟಿಗೇ ಹೋಗುತ್ತದೆ. ಅಸಲಿಗೆ ಸೇರುವುದು 105 ರೂಪಾಯಿ. ಅಷ್ಟೇ ಅಲ್ಲ, ಬಾಕಿ ಉಳಿಸಿಕೊಂಡ ಕೂಡಲೇ ಆ ಕಾರ್ಡಿನಲ್ಲಿ ಮಾಡುವ ಹೊಸ ಖರೀದಿಗೂ ಬಡ್ಡಿಯಿಲ್ಲದ ದಿನಗಳು ಹೋಗಿಬಿಡುತ್ತವೆ. ಪೆಟ್ರೋಲ್, ರೇಷನ್, ಔಷಧಿ, ಎಲ್ಲಕ್ಕೂ ಅವತ್ತಿಂದಲೇ ಬಡ್ಡಿ.

ಮನೆಯಲ್ಲಿ ಸ್ವಲ್ಪ ಒಡವೆ ಇದ್ದರೆ ಬ್ಯಾಂಕಿನಲ್ಲಿ ಚಿನ್ನದ ಸಾಲ ತಗೊಂಡು ಕಾರ್ಡು ತೀರಿಸಿ ಅಂತ ನಾನು ಹೇಳುತ್ತೇನೆ. ವರ್ಷಕ್ಕೆ 10% ಅಂತ ಹಿಡಿದರೂ 40,000ಕ್ಕೆ ತಿಂಗಳಿಗೆ 333 ರೂಪಾಯಿ ಆಗಬಹುದು. ಕಾರ್ಡಿನಲ್ಲಿ ಅದೇ ಮೊತ್ತಕ್ಕೆ ಜಿಎಸ್‌ಟಿ ಸೇರಿ 1,770. ಅಮ್ಮನ ಬಳೆ ಇಡುವುದು ಯಾರಿಗೂ ಇಷ್ಟವಿಲ್ಲ, ನನಗೂ ಗೊತ್ತು. ಆದರೆ ಮನೆಯವರಿಗೆ ಹೇಳಲು ನಾಚಿಕೊಂಡು ವರ್ಷಗಟ್ಟಲೆ 45% ಕಟ್ಟಿದವರನ್ನು ನೋಡಿದ್ದೇನೆ. ಅದು ಇದಕ್ಕಿಂತ ಕಷ್ಟ.

ಒಂದು ಕಾರ್ಡಿನ ಜೂಜಿನ ಸಾಲ ತೀರಿಸಲು ಇನ್ನೊಂದು ಕಾರ್ಡು ಉಜ್ಜುವ ಹಂತಕ್ಕೆ ಬಂದಿದ್ದರೆ ಅದು ಲೆಕ್ಕದ ತೊಂದರೆ ಅಲ್ಲ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಮಾನಸಿಕ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮೊದಲೇ ಗೊತ್ತಾಗುವ ಗುರುತು

ಅವತ್ತು ಹಡಗಿನಲ್ಲೇ ಅವನಿಗೆ ಒಂದು ಸೂಚನೆ ಸಿಕ್ಕಿತ್ತು. ಅವನಿಗೆ ಅರ್ಥವಾಗಲಿಲ್ಲ ಅಷ್ಟೇ. ಅವನ ಕಾರ್ಡಿನ ಮಿತಿ 1,50,000. ಚಿಪ್ಸ್‌ಗೆ 40,000, ಆಮೇಲೆ ಊಟಕ್ಕೆ 6,500. ರಾತ್ರಿ ಇನ್ನೊಂದು 20,000ಕ್ಕೆ ಉಜ್ಜಿದರೆ ಮಷೀನ್ `DECLINED` ಅಂದಿತು. ಲಕ್ಷಕ್ಕೂ ಜಾಸ್ತಿ ಮಿತಿ ಬಾಕಿ ಇದೆ, ಯಾಕೆ ಆಗಲಿಲ್ಲ? ನೆಟ್‌ವರ್ಕ್ ಇಲ್ಲ ಅಂದುಕೊಂಡನಂತೆ.

ನೆಟ್‌ವರ್ಕ್ ಸರಿಯಾಗೇ ಇತ್ತು. ಸಾಮಾನ್ಯವಾಗಿ ಕ್ರೆಡಿಟ್ ಕಾರ್ಡಿನೊಳಗೆ ನಗದಿಗೆ ಅಂತ ಬೇರೆ ಒಂದು ಚಿಕ್ಕ ಮಿತಿ ಇರುತ್ತದೆ. ಆ್ಯಪ್‌ನಲ್ಲಿ `Cash Limit` ಅಂತ ಕಾಣುತ್ತದೆ. ಅವನದು 40%, ಅಂದರೆ 60,000. ಊಟದ್ದೂ ಸೇರಿ ಆಗಲೇ 46,500 ಹೋಗಿತ್ತು, ಉಳಿದದ್ದು 13,500. ಊಟ ಯಾಕೆ ನಗದಿಗೆ ಸೇರಿತು ಅಂತ ಮುಂದೆ ಹೇಳುತ್ತೇನೆ. ಒಟ್ಟು ಮಿತಿ ಧಾರಾಳವಾಗಿದ್ದರೂ ಜೂಜಿನ ಕೌಂಟರಿನಲ್ಲಿ ಕಾರ್ಡು ನಿಂತರೆ ಆ್ಯಪ್ ತೆಗೆದು ನಗದು ಮಿತಿ ಕಡಿಮೆಯಾಗಿದೆಯಾ ನೋಡಿ. ಕಡಿಮೆಯಾಗಿದ್ದರೆ ಹಿಂದೆ ಉಜ್ಜಿದ್ದೆಲ್ಲ ನಗದು ಅಂತಲೇ ಲೆಕ್ಕಕ್ಕೆ ಹೋಗಿದೆ.

ಹೋಗುವ ಮುಂಚೆಯೇ ನೋಡಿಕೊಳ್ಳುವುದಾದರೆ ಬ್ಯಾಂಕಿನ ವೆಬ್‌ಸೈಟಿನಲ್ಲಿ `MITC` ಅಂತ ಹುಡುಕಿ. ಕಾರ್ಡಿನ ಮುಖ್ಯ ಷರತ್ತುಗಳ ಪತ್ರ ಅದು. ಫೋನಿನಲ್ಲಿ ತೆರೆದು ಒಳಗೆ `cash`, `gambling`, `casino`, `betting` ಅಂತ ಒಂದೊಂದಾಗಿ ಹುಡುಕಿದರೆ ಹತ್ತು ನಿಮಿಷದ ಕೆಲಸ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೇಳುವುದಾದರೆ "ಕ್ಯಾಸಿನೊದಲ್ಲಿ ಕಾರ್ಡು ನಡೆಯುತ್ತಾ?" ಅಂತ ಕೇಳಬೇಡಿ. ನಡೆಯುತ್ತೆ ಸರ್ ಅಂದುಬಿಡುತ್ತಾರೆ. "7995 ಕೋಡಿನ ವ್ಯವಹಾರಕ್ಕೆ ನಗದು ಶುಲ್ಕ ಇದೆಯಾ?" ಅಂತ ಕೇಳಿ. ಉತ್ತರವನ್ನು ಇಮೇಲ್‌ನಲ್ಲಿ ಕಳಿಸಲು ಹೇಳಿ.

ಬೀಗ ಹಾಕುವುದು ಎಲ್ಲಿ

ಮನೆಯಲ್ಲಿ ಯಾರಿಗಾದರೂ ಕೈ ತಡೆಯುವುದಿಲ್ಲ ಅನ್ನುವ ಭಯ ಇದ್ದರೆ ಆ್ಯಪ್‌ನಲ್ಲಿ ಬೀಗ ಹಾಕಬಹುದು. ರಿಸರ್ವ್ ಬ್ಯಾಂಕ್ 2020ರಲ್ಲಿ ಮಾಡಿದ ನಿಯಮದಿಂದ ಎಲ್ಲ ಕಾರ್ಡುಗಳಿಗೂ ಈ ಸ್ವಿಚ್ಚುಗಳು ಬಂದಿವೆ. ಎಟಿಎಂ, ಅಂಗಡಿ ಮಷೀನ್, ಆನ್‌ಲೈನ್, ವಿದೇಶ, ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ನಿಲ್ಲಿಸಬಹುದು, ಮಿತಿ ಕಡಿಮೆ ಮಾಡಬಹುದು.

ಬಹಳ ಜನ ಎಡವುವುದು ಇಲ್ಲೇ. ಎಟಿಎಂ ಸ್ವಿಚ್ ಒಂದನ್ನೇ ಆಫ್ ಮಾಡಿ ನಗದು ನಿಂತಿತು ಅಂದುಕೊಳ್ಳುತ್ತಾರೆ. ಕ್ಯಾಸಿನೊ ಕೌಂಟರಿನಲ್ಲಿರುವುದು ಅಂಗಡಿ ಮಷೀನ್. ಎಟಿಎಂ ಸ್ವಿಚ್ ಅದನ್ನು ತಡೆಯದೆ ಇರಬಹುದು. ಕೋಡ್ ಯಾವುದೇ ಇರಲಿ ಕೆಲಸ ಮಾಡುವ ಬೀಗ ಅಂದರೆ ಅಂಗಡಿ ಮಷೀನಿನ ಮಿತಿಯನ್ನು ಐದು ಸಾವಿರಕ್ಕೆ ಇಳಿಸುವುದು. ದೊಡ್ಡ ಖರೀದಿ ಇದ್ದ ದಿನ ಏರಿಸಿಕೊಳ್ಳಬಹುದು, ಅಲ್ವಾ? ಜೊತೆಗೆ ನಗದು ಮಿತಿಯನ್ನೇ ಸೊನ್ನೆ ಮಾಡಿ ಅಂತ ಬ್ಯಾಂಕಿಗೆ ಬರೆದು ಕೇಳಿ. ಒಪ್ಪುವ ಬ್ಯಾಂಕುಗಳಿವೆ.

ಆನ್‌ಲೈನ್ ಜೂಜಿನ ಮಾತು ಬೇರೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಪಾಸು ಮಾಡಿದೆ. ಅಂಥ ಆಟಕ್ಕೆ ಬ್ಯಾಂಕುಗಳು ದುಡ್ಡು ಸಾಗಿಸಬಾರದು ಅಂತಲೂ ಅದರಲ್ಲಿದೆ. ವಿದೇಶದ ಲಾಟರಿ ಟಿಕೆಟ್, ಫುಟ್‌ಬಾಲ್ ಪೂಲ್‌ಗೆ ಇಲ್ಲಿಂದ ದುಡ್ಡು ಕಳಿಸುವುದನ್ನು ವಿದೇಶಿ ವಿನಿಮಯದ ನಿಯಮಗಳು 2000ದಿಂದಲೇ ತಡೆದಿವೆ. ಆದರೂ ನಿಮ್ಮ ಬಿಲ್ಲಿನಲ್ಲಿ ಹೆಸರೇ ಕೇಳದ ಅಂಗಡಿಗೆ ಡಾಲರ್‌ನಲ್ಲಿ ದುಡ್ಡು ಹೋಗಿದ್ದು ಕಂಡರೆ, ಯಾವುದೋ ಬೆಟ್ಟಿಂಗ್ ಸೈಟು ಬೇರೆ ಹೆಸರಲ್ಲಿ ವಸೂಲಿ ಮಾಡಿರಬಹುದು. ಓಟಿಪಿ ನೀವೇ ಹಾಕಿದ್ದರೆ ಮೋಸ ಅಂತ ವಾಪಸ್ ಪಡೆಯುವುದು ಬಹಳ ಕಷ್ಟ. ಹಾಕಿಲ್ಲದಿದ್ದರೆ ತಡ ಮಾಡದೆ ಕಾರ್ಡು ನಿಲ್ಲಿಸಿ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನಮ್ಮ ಕಡೆಯ ಎಷ್ಟೋ ಮಕ್ಕಳು ಹೊರದೇಶದಲ್ಲಿದ್ದಾರೆ. ಅವರಿಗಾಗಿ ಎರಡು ಮಾತು. ಬ್ರಿಟನ್‌ನಲ್ಲಿ 2020ರ ಏಪ್ರಿಲ್ 14ರಿಂದ ಕ್ರೆಡಿಟ್ ಕಾರ್ಡಿನಲ್ಲಿ ಜೂಜಾಡುವಂತಿಲ್ಲ. ಆಸ್ಟ್ರೇಲಿಯಾದಲ್ಲಿ ಆನ್‌ಲೈನ್ ಬೆಟ್ಟಿಂಗ್‌ಗೆ 2024ರ ಜೂನ್ 11ರಿಂದ ಇಲ್ಲ. ಅಮೆರಿಕದಲ್ಲಿ ಅಂಥ ದೇಶವ್ಯಾಪಿ ತಡೆ ಇಲ್ಲದ್ದರಿಂದ, ಅಲ್ಲಿನ ಮಕ್ಕಳು ಮೇಲೆ ಹೇಳಿದ ಲೆಕ್ಕವನ್ನು ತಮ್ಮ ಕಾರ್ಡಿನ ದರ ಹಾಕಿ ಮಾಡಿಕೊಳ್ಳಬೇಕು.

ಬ್ಯಾಂಕಿಗೆ ಬರೆಯುವುದು, ಯಾವಾಗ, ಹೇಗೆ

ಚಿಪ್ಸ್ ಮೇಲಿನ ಶುಲ್ಕ ವಾಪಸ್ ಬರುವುದಿಲ್ಲ ಅಂತ ಅವನಿಗೆ ನೇರವಾಗಿ ಹೇಳಿದೆ. ಅವನ ಬ್ಯಾಂಕಿನ ಷರತ್ತಿನಲ್ಲಿ ಕ್ಯಾಸಿನೊ ಚಿಪ್ಸ್ ಅಂತ ಸ್ಪಷ್ಟವಾಗಿ ಬರೆದಿತ್ತು. ಸೋತೆ, ಗೊತ್ತಿರಲಿಲ್ಲ ಅನ್ನುವುದು ಕಾರಣವಾಗುವುದಿಲ್ಲ. ಷರತ್ತಿನಲ್ಲಿ ಜೂಜಿನ ಮಾತೇ ಇಲ್ಲದಿದ್ದರೆ, ಒಂದೇ ಶುಲ್ಕ ಎರಡು ಸಲ ಬಿದ್ದಿದ್ದರೆ, ಕೌಂಟರಿನವರು ರದ್ದು ಮಾಡಿದ ವ್ಯವಹಾರಕ್ಕೂ ಶುಲ್ಕ ಹಾಕಿದ್ದರೆ ಕೇಳಬಹುದು.

ಬಿಲ್ಲಿನಲ್ಲಿ ಬೆರಳಿಟ್ಟು ನೋಡುತ್ತಾ ಹೋದಾಗ ಇನ್ನೊಂದು ಸಾಲು ಸಿಕ್ಕಿತು. 6,500 ರೂಪಾಯಿಗೂ 500 ನಗದು ಶುಲ್ಕ. 2.5% ಅಂದರೆ 162 ಚಿಲ್ಲರೆ, ಆದರೆ ಕನಿಷ್ಠ 500 ಅಲ್ವಾ? "ಇದೇನೋ?" ಅಂದೆ. "ಅದು ಊಟದ್ದು ಕಣಣ್ಣ, ನಾಲ್ಕು ಜನರದ್ದು." ಹಡಗಿನವರು ಚಿಪ್ಸ್ ಕೌಂಟರಿನ ಮಷೀನಿನಲ್ಲೇ ಊಟದ ಬಿಲ್ಲನ್ನೂ ಎಳೆದಿದ್ದರು. ಮಷೀನಿನ ಕೋಡ್ 7995, ಹಾಗಾಗಿ ಊಟವೂ ಜೂಜಾಯಿತು. ಪುಣ್ಯಕ್ಕೆ ಊಟದ ಜಿಎಸ್‌ಟಿ ಬಿಲ್ಲಿನ ಫೋಟೊ ಅವನ ಫೋನಿನಲ್ಲಿತ್ತು. ಅಲ್ಲೇ ಕೂತು ಹೀಗೆ ಬರೆದೆವು:

"ಜನವರಿ 12ರಂದು ನನ್ನ ಕಾರ್ಡಿನಲ್ಲಿ 6,500 ರೂಪಾಯಿಯ ಊಟದ ಬಿಲ್ಲು ಪಾವತಿಸಿದ್ದೇನೆ. ಬಿಲ್ಲಿನ ಪ್ರತಿ ಲಗತ್ತಿಸಿದೆ. ಇದಕ್ಕೆ ನಗದು ಶುಲ್ಕ 500 ರೂಪಾಯಿ ಮತ್ತು ಎರಡು ಬಿಲ್ಲುಗಳಲ್ಲಿ ಬಡ್ಡಿ ಹಾಕಲಾಗಿದೆ. ಇದು ನಗದು ವ್ಯವಹಾರವಲ್ಲ. ಶುಲ್ಕ, ಬಡ್ಡಿ, ಅವುಗಳ ಜಿಎಸ್‌ಟಿ ಹಿಂದಿರುಗಿಸಿ. ಆಗದಿದ್ದರೆ ಯಾವ ಷರತ್ತಿನ ಪ್ರಕಾರ ಅಂತ ಬರಹದಲ್ಲಿ ತಿಳಿಸಿ."

ಕೊನೆ ಸಾಲು ಮುಖ್ಯ. ಅದಿಲ್ಲದಿದ್ದರೆ "ನಿಯಮದಂತೆ ಸರಿಯಾಗಿದೆ" ಅಂತ ಒಂದೇ ಸಾಲಿನ ಉತ್ತರ ಬರುತ್ತದೆ. ಪತ್ರವನ್ನು ಬ್ಯಾಂಕಿನ ದೂರು ವಿಭಾಗಕ್ಕೆ ಇಮೇಲ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನಿಸದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ `cms.rbi.org.in`ನಲ್ಲಿ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಮೊದಲು ಬ್ಯಾಂಕಿಗೆ ಬರೆಯದೆ ನೇರ ಅಲ್ಲಿಗೆ ಹೋದರೆ ಮಾತ್ರ ತಿರಸ್ಕರಿಸುತ್ತಾರೆ.

ನಡುವೆ ಒಂದು ತಪ್ಪು ಮಾಡಬೇಡಿ. ತಕರಾರು ಇದೆ ಅಂತ ಇಡೀ ಬಿಲ್ಲು ಕಟ್ಟದೆ ಕೂರಬೇಡಿ. ಒಪ್ಪಿದ ಮೊತ್ತವನ್ನಾದರೂ ದಿನಕ್ಕೆ ಸರಿಯಾಗಿ ಕಟ್ಟಿ. ಇಲ್ಲದಿದ್ದರೆ ತಡ ಶುಲ್ಕ ಬೇರೆ ಸೇರುತ್ತದೆ, ಸಿಬಿಲ್‌ನಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ನಾಳೆ ಟ್ರ್ಯಾಕ್ಟರ್ ಸಾಲಕ್ಕೆ ಹೋದಾಗ ಅದೇ ಅಡ್ಡ ಬರುತ್ತದೆ.

ಮೂರು ವಾರ ಬಿಟ್ಟು ಅವನ ಫೋನ್ ಬಂತು. ಊಟದ ಮೇಲಿನ ಶುಲ್ಕ, ಬಡ್ಡಿ, ಜಿಎಸ್‌ಟಿ ಸೇರಿ 902 ರೂಪಾಯಿ ಕಾರ್ಡಿಗೆ ಜಮಾ ಆಗಿತ್ತು. ಕೋಡ್ 7995 ಇದ್ದದ್ದರಿಂದ ಬ್ಯಾಂಕು ಇಲ್ಲ ಅಂದಿದ್ದರೂ ಅಚ್ಚರಿಯಿರಲಿಲ್ಲ. ಊಟದ ಬಿಲ್ಲು ಇದ್ದದ್ದೇ ಉಳಿಸಿತು. ಮಾರ್ಚ್ 25ರ ಬಿಲ್ಲಿನಲ್ಲಿ ಬಡ್ಡಿಯ ಸಾಲು ಇದೆಯಾ ಅಂತ ಕೇಳಿದೆ. ಕೆಳಗಿನವರೆಗೂ ಓದಿ ನೋಡಿ ಹೇಳಿದ, ಇಲ್ಲ. ಬಾಲ ಪೂರ್ತಿ ತುಂಡಾಗಿತ್ತು.